ಬೇಡದ ಫೋಟೊದಿಂದ ಟ್ಯಾಗ್ ತೆಗೆಯುವುದು, ಹಾಕಿದವರಿಂದ ಫೋಟೊವನ್ನೇ ತೆಗೆಸುವುದು

ಗೆಳತಿ ಹಾಕಿದ ಫೋಟೊದಲ್ಲಿ ನೀವು ಚೆನ್ನಾಗಿ ಬಂದಿಲ್ಲ, ಅದರ ಮೇಲೆ ನಿಮ್ಮ ಹೆಸರನ್ನೂ ಟ್ಯಾಗ್ ಮಾಡಿದ್ದಾರೆ ಅಂದರೆ ನಿಮ್ಮ ಮುಂದೆ ಎರಡು ಕೆಲಸಗಳಿವೆ. ಟ್ಯಾಗ್ ತೆಗೆಯುವುದು ನಿಮ್ಮ ಕೈಯಲ್ಲೇ ಇದೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ, ಅರ್ಧ ನಿಮಿಷ ಸಾಕು. ಫೋಟೊ ತೆಗೆಯುವುದು ಮಾತ್ರ ಹಾಕಿದವರ ಕೈಯಲ್ಲಿದೆ, ಅದನ್ನು ಕೇಳಿಯೇ ಮಾಡಿಸಬೇಕು. ಟ್ಯಾಗ್ ತೆಗೆದ ಕೂಡಲೇ ಫೋಟೊನೂ ಹೋಯಿತು ಅಂದುಕೊಂಡು ಸುಮ್ಮನಾಗುವವರು ಬಹಳ. ಟ್ಯಾಗ್ ಹೋದರೆ ಫೋಟೊಗೂ ನಿಮ್ಮ ಪ್ರೊಫೈಲ್‌ಗೂ ಇದ್ದ ಕೊಂಡಿ ಕಳಚುತ್ತದೆ, ಅಷ್ಟೇ. ಹಾಕಿದವರ ಪ್ರೊಫೈಲ್‌ನಲ್ಲಿ ಫೋಟೊ ಇದ್ದ ಹಾಗೇ ಇರುತ್ತದೆ, ಅವರು ಯಾರಿಗೆಲ್ಲ ತೋರಿಸಿದ್ದರೋ ಅವರೆಲ್ಲ ನೋಡುತ್ತಲೇ ಇರುತ್ತಾರೆ.

ಎಲ್ಲವನ್ನೂ ಒಂದು ಉದಾಹರಣೆಯ ಮೇಲೆ ಹೇಳಿದರೆ ಸುಲಭ. ಲತಾ ಗುಬ್ಬಿಯ ಒಂದು ಶಾಲೆಯಲ್ಲಿ ಶಿಕ್ಷಕಿ ಅಂದುಕೊಳ್ಳಿ. ತುಮಕೂರಿನಲ್ಲಿ ಗೆಳತಿಯ ಮದುವೆ ಆಯಿತು, ಎರಡು ದಿನ ಬಿಟ್ಟು ಬೀಗರ ಊಟ. ಜೊತೆಯಲ್ಲಿ ಓದಿದ ಶಿಲ್ಪಾ ಅಂದು ರಾತ್ರಿಯೇ 46 ಫೋಟೊಗಳನ್ನು ಒಂದೇ ಪೋಸ್ಟ್‌ನಲ್ಲಿ ಫೇಸ್‌ಬುಕ್‌ಗೆ ಹಾಕಿದಳು. ಅದರಲ್ಲೊಂದು ಪಂಕ್ತಿಯ ಫೋಟೊ. ಲತಾ ಸರಿಯಾಗಿ ಮುದ್ದೆ ತುತ್ತು ನುಂಗುವ ಹೊತ್ತಿಗೆ ಕ್ಲಿಕ್ ಆಗಿದೆ. ಒಂದು ಕೆನ್ನೆ ಉಬ್ಬಿದೆ, ಕಣ್ಣು ಅರ್ಧ ಮುಚ್ಚಿದೆ, ಬೆರಳಿನಿಂದ ಸಾರು ಇಳಿಯುತ್ತಿದೆ. ಮುಖದ ಮೇಲೆಯೇ ಅವಳ ಹೆಸರಿನ ಟ್ಯಾಗ್. ಲತಾಳ ಫ್ರೆಂಡ್ಸ್ ಪಟ್ಟಿಯಲ್ಲಿ ಮಕ್ಕಳ ಪೋಷಕರಿದ್ದಾರೆ, ಮುಖ್ಯೋಪಾಧ್ಯಾಯರಿದ್ದಾರೆ. ಈ ಫೋಟೊ ಈಗ ಅವಳ ಪ್ರೊಫೈಲ್‌ನಲ್ಲೂ ಕಾಣುತ್ತಿದೆ.

ಟ್ಯಾಗ್ ಮುಟ್ಟುವ ಮುಂಚೆ ಲಿಂಕ್ ಇಟ್ಟುಕೊಳ್ಳಿ

ಫೋಟೊ ನೋಡಿದ ತಕ್ಷಣ ಕೈ ಟ್ಯಾಗ್ ತೆಗೆಯುವ ಕಡೆಗೇ ಹೋಗುತ್ತದೆ. ಒಂದು ನಿಮಿಷ ತಡೆಯಿರಿ. ಟ್ಯಾಗ್ ತೆಗೆದ ಮೇಲೆ ಆ ಫೋಟೊ ನಿಮ್ಮ ಪ್ರೊಫೈಲ್‌ನಲ್ಲಿ ಸಿಗುವುದಿಲ್ಲ, ನಿಮ್ಮನ್ನು ಟ್ಯಾಗ್ ಮಾಡಿದ ಫೋಟೊಗಳ ಪಟ್ಟಿಯಲ್ಲೂ ಸಿಗುವುದಿಲ್ಲ. ಹಾಕಿದವರು ನಿಮ್ಮ ಫ್ರೆಂಡ್ಸ್ ಪಟ್ಟಿಯಲ್ಲೇ ಇಲ್ಲದಿದ್ದರೆ ಇನ್ನೂ ಕಷ್ಟ. ಮದುವೆ ಮನೆಯಲ್ಲಿ ಇದು ಸಾಮಾನ್ಯ, ಗಂಡಿನ ಕಡೆಯ ಯಾರೋ ಹಾಕಿರುತ್ತಾರೆ. ಟ್ಯಾಗ್ ಇತ್ತು ಅನ್ನುವ ಒಂದೇ ಕಾರಣಕ್ಕೆ ಆ ಫೋಟೊ ನಿಮಗೆ ಕಾಣುತ್ತಿದ್ದರೆ, ಟ್ಯಾಗ್ ಹೋದ ಮೇಲೆ ನಿಮಗೇ ಕಾಣದೆ ಹೋಗಬಹುದು. ಆಮೇಲೆ ‘ಆ ಫೋಟೊ ತೆಗೀರಿ’ ಅಂತ ಕೇಳಲು ಹೋದರೆ ಯಾವ ಫೋಟೊ ಅಂತ ತೋರಿಸಲಿಕ್ಕೂ ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಹಾಗಾಗಿ ಮೊದಲು ಆ ಒಂದೇ ಫೋಟೊವನ್ನು ತೆರೆಯಿರಿ. ಇಡೀ ಪೋಸ್ಟ್ ಅಲ್ಲ, ಫೋಟೊದ ಮೇಲೆ ಒತ್ತಿ ಅದೊಂದೇ ಪರದೆ ತುಂಬ ಬರುವ ಹಾಗೆ ಮಾಡಿ. ಶೇರ್ ಗುರುತು ಒತ್ತಿ “Copy link” ಆರಿಸಿ. ಕಂಪ್ಯೂಟರ್‌ನಲ್ಲಾದರೆ ಮೇಲಿನ ವಿಳಾಸ ಪಟ್ಟಿಯಲ್ಲಿ ಇರುವುದನ್ನೇ ಕಾಪಿ ಮಾಡಿದರೆ ಸಾಕು. ಲಿಂಕನ್ನು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಒಂದು ಸ್ಕ್ರೀನ್‌ಶಾಟ್ ಕೂಡ ತೆಗೆದಿಡಿ, ಅದರಲ್ಲಿ ಹಾಕಿದವರ ಹೆಸರು ಮತ್ತು ತಾರೀಖು ಕಾಣಲಿ. ಆ ಸ್ಕ್ರೀನ್‌ಶಾಟನ್ನು ‘ನೋಡೇ ಎಷ್ಟು ಕೆಟ್ಟದಾಗಿದೆ’ ಅಂತ ನಾಲ್ಕು ಜನಕ್ಕೆ ಕಳಿಸಬೇಡಿ. ಹಾಗೆ ಕಳಿಸಿದರೆ ಹೊಸ ನಾಲ್ಕು ಪ್ರತಿ ಹುಟ್ಟಿದವು, ಅವನ್ನು ಶಿಲ್ಪಾ ಕೂಡ ಅಳಿಸಲಾರಳು.

ಇದೇ ಹೊತ್ತಿನಲ್ಲಿ ಪೋಸ್ಟ್‌ನ ಮೇಲ್ಭಾಗದಲ್ಲಿ, ಸಮಯದ ಪಕ್ಕ ಇರುವ ಚಿಕ್ಕ ಗುರುತನ್ನೂ ನೋಡಿಕೊಳ್ಳಿ. ಭೂಗೋಳದ ಚಿತ್ರವಿದ್ದರೆ ಪೋಸ್ಟ್ ಎಲ್ಲರಿಗೂ ತೆರೆದಿದೆ ಎಂದರ್ಥ. ಇಬ್ಬರು ಮನುಷ್ಯರ ಚಿತ್ರವಿದ್ದರೆ ಹಾಕಿದವರ ಫ್ರೆಂಡ್ಸ್‌ಗೆ ಕಾಣುತ್ತದೆ, ಜೊತೆಗೆ ಸಾಮಾನ್ಯವಾಗಿ ಟ್ಯಾಗ್ ಆದವರ ಫ್ರೆಂಡ್ಸ್‌ಗೂ ಕಾಣುತ್ತದೆ. ಲತಾಳ ಶಾಲೆಯವರು ಶಿಲ್ಪಾಳಿಗೆ ಗೊತ್ತೇ ಇಲ್ಲದಿದ್ದರೂ ಅವರಿಗೆ ಫೋಟೊ ಸಿಕ್ಕಿದ್ದು ಈ ದಾರಿಯಲ್ಲೇ. ಗುರುತು ಇಬ್ಬರು ಮನುಷ್ಯರದ್ದಾಗಿದ್ದರೆ ಟ್ಯಾಗ್ ತೆಗೆಯುವುದರಿಂದಲೇ ಅರ್ಧಕ್ಕಿಂತ ಹೆಚ್ಚು ತೊಂದರೆ ಕಳೆಯುತ್ತದೆ. ಭೂಗೋಳವಾಗಿದ್ದರೆ ಹಾಕಿದವರ ಹತ್ತಿರ ಮಾತಾಡಲೇಬೇಕು.

ಫೇಸ್‌ಬುಕ್‌ನಲ್ಲಿ ಟ್ಯಾಗ್ ತೆಗೆಯುವುದು

ಫೋನಿನಲ್ಲಿ ಇಂಗ್ಲಿಷ್ ಪರದೆ ಇದ್ದರೆ ಕಾಣುವ ಹೆಸರುಗಳನ್ನೇ ಇಲ್ಲಿ ಕೊಟ್ಟಿದೆ. ಆ್ಯಪ್‌ನ ಆವೃತ್ತಿ ಬದಲಾದ ಹಾಗೆ ಗುಂಡಿಗಳ ಜಾಗ ಅತ್ತಿತ್ತ ಆಗುತ್ತದೆ, ಪದಗಳು ಹೆಚ್ಚೂಕಡಿಮೆ ಇವೇ ಇರುತ್ತವೆ.

ಫೋಟೊ ಪರದೆ ತುಂಬ ಇರುವಾಗ ಮೇಲೆ ಬಲಗಡೆ ಮೂರು ಚುಕ್ಕಿ ಕಾಣುತ್ತವೆ. ಅದನ್ನು ಒತ್ತಿ, “Remove tag” ಆರಿಸಿ, ಖಾತ್ರಿ ಕೇಳಿದಾಗ ಒಪ್ಪಿ. ಇಷ್ಟಕ್ಕೆ ಮುಖದ ಮೇಲಿನ ಹೆಸರು ಹೋಯಿತು. ಈಗ ಹಿಂದೆ ಬಂದು ಪೋಸ್ಟ್‌ನ ತಲೆಯ ಮೇಲೆ ನೋಡಿ. ‘ಶಿಲ್ಪಾ is with ಲತಾ and 8 others’ ಅನ್ನುವ ಹಾಗೆ ಇನ್ನೂ ಬರೆದಿದ್ದರೆ ಅದು ಬೇರೆಯದೇ ಟ್ಯಾಗ್. ಮುಖದ ಮೇಲಿನದ್ದು ಫೋಟೊಗೆ ಸೇರಿದ್ದು, ಇದು ಪೋಸ್ಟ್‌ಗೆ ಸೇರಿದ್ದು. ಪೋಸ್ಟ್‌ನ ಮೂರು ಚುಕ್ಕಿ ಒತ್ತಿ ಅಲ್ಲೂ “Remove tag” ಮಾಡಬೇಕು. ‘ಟ್ಯಾಗ್ ತೆಗೆದೆ, ಆದರೂ ನನ್ನ ಪ್ರೊಫೈಲ್‌ನಲ್ಲಿ ಬರ್ತಾ ಇದೆ’ ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಎರಡನೇ ಟ್ಯಾಗೇ.

46 ಫೋಟೊ ಇರುವ ಪೋಸ್ಟ್‌ನಲ್ಲಿ ನಿಮ್ಮ ಹೆಸರು ಒಂದಕ್ಕಿಂತ ಹೆಚ್ಚು ಕಡೆ ಇರಬಹುದು. ಒಂದೊಂದೇ ತೆರೆದು ಹುಡುಕುವ ಕಷ್ಟ ಬೇಡ. ಸೆಟ್ಟಿಂಗ್ಸ್‌ನಲ್ಲಿ “Activity log” ಇದೆ. ಅದರಲ್ಲಿ “Activity you're tagged in” ಒಳಗೆ “Photos you're tagged in” ತೆರೆದರೆ ಎಲ್ಲವೂ ಸಾಲಾಗಿ ಸಿಗುತ್ತವೆ. ಬೇಡದವುಗಳಿಗೆ ಟಿಕ್ ಹಾಕಿ ಒಟ್ಟಿಗೇ ಟ್ಯಾಗ್ ತೆಗೆಯಬಹುದು. ಚೆನ್ನಾಗಿ ಬಂದ ಫೋಟೊಗಳ ಟ್ಯಾಗ್ ಬಿಟ್ಟುಬಿಡಿ. ನೆಂಟರು ಗೆಳೆಯರ ನಡುವೆ ‘ನಮ್ಮ ಜೊತೆ ಇದ್ದದ್ದೇ ಬೇಡವಾಯಿತಾ’ ಅನ್ನುವ ಮಾತು ಬರುವುದು ಎಲ್ಲ ಟ್ಯಾಗ್‌ಗಳನ್ನೂ ಕಿತ್ತು ಹಾಕಿದಾಗ. ಒಂದು ಹೋದರೆ ಯಾರ ಗಮನಕ್ಕೂ ಬರುವುದಿಲ್ಲ.

ಪೋಸ್ಟ್‌ನ ಮೂರು ಚುಕ್ಕಿಯಲ್ಲಿ “Hide from profile” ಅನ್ನುವುದೂ ಇರುತ್ತದೆ. ಅದನ್ನು ಒತ್ತಿದರೆ ಪೋಸ್ಟ್ ನಿಮ್ಮ ಪ್ರೊಫೈಲ್‌ನಿಂದ ಮರೆಯಾಗುತ್ತದೆ, ಟ್ಯಾಗ್ ಹಾಗೇ ಉಳಿಯುತ್ತದೆ. ಫೋಟೊ ತೆರೆದವರಿಗೆ ನಿಮ್ಮ ಹೆಸರು ಕಾಣುತ್ತದೆ, ಹೆಸರು ಒತ್ತಿದರೆ ನೇರ ನಿಮ್ಮ ಪ್ರೊಫೈಲ್‌ಗೆ ಬರುತ್ತಾರೆ. ಲತಾಳಂಥ ಸಂದರ್ಭದಲ್ಲಿ ಇದು ಸಾಲದು.

ಟ್ಯಾಗ್ ತೆಗೆದ ಮೇಲೂ ಮುಖ ನೋಡಿ ಫೇಸ್‌ಬುಕ್ಕೇ ಹೆಸರು ಸೂಚಿಸಿಬಿಡುತ್ತದೆ ಅನ್ನುವ ಭಯ ಕೆಲವರಿಗೆ ಇನ್ನೂ ಇದೆ. ಫೋಟೊಗಳಲ್ಲಿ ಮುಖ ಗುರುತಿಸಿ ಟ್ಯಾಗ್ ಸೂಚಿಸುತ್ತಿದ್ದ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ ಕಂಪನಿ 2021ರ ನವೆಂಬರ್‌ನಲ್ಲಿ ಘೋಷಿಸಿತು. ಈಗ ಟ್ಯಾಗ್ ಬಂತು ಅಂದರೆ ಯಾರೋ ಮನುಷ್ಯರೇ ನಿಮ್ಮ ಹೆಸರು ಹಾಕಿದ್ದಾರೆ.

ಇನ್‌ಸ್ಟಾಗ್ರಾಂನಲ್ಲಾದರೆ

ಫೋಟೊದ ಮೇಲೆ ಒಮ್ಮೆ ಒತ್ತಿದರೆ ಟ್ಯಾಗ್ ಆದ ಹೆಸರುಗಳು ಮೇಲೇಳುತ್ತವೆ. ನಿಮ್ಮ ಹೆಸರು ಒತ್ತಿ “Remove me from post” ಆರಿಸಿ. ಅಲ್ಲಿಯೂ “Hide from my profile” ಎನ್ನುವ ಆಯ್ಕೆ ಇದೆ, ಅದರ ಮಿತಿ ಮೇಲೆ ಹೇಳಿದ್ದೇ. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಫೋಟೊದ ಕೆಳಗಿನ ಬರಹದಲ್ಲಿ @ ಹಾಕಿ ನಿಮ್ಮ ಹೆಸರು ಬರೆದಿದ್ದರೆ ಅದು ಟ್ಯಾಗ್ ಅಲ್ಲ, ಮೆನ್ಷನ್. ಟ್ಯಾಗ್ ತೆಗೆದರೆ ಅದು ಹೋಗುವುದಿಲ್ಲ, ಬರೆದವರೇ ಎಡಿಟ್ ಮಾಡಿ ಅಳಿಸಬೇಕು. ಸ್ಟೋರಿಯಲ್ಲಿ ಹಾಕಿದ್ದರೆ 24 ಗಂಟೆಯಲ್ಲಿ ತಾನಾಗಿಯೇ ಹೋಗುತ್ತದೆ. ಆದರೆ ಹೈಲೈಟ್‌ಗೆ ಸೇರಿಸಿದ್ದರೆ ಪ್ರೊಫೈಲ್‌ನಲ್ಲಿ ಉಳಿಯುತ್ತದೆ, ಅಲ್ಲೊಮ್ಮೆ ನೋಡಿಬಿಡಿ.

ಹಾಕಿದವರನ್ನು ಕೇಳುವುದು

ಮೊದಲನೆಯದಾಗಿ, ಫೋಟೊದ ಕೆಳಗೆ ಕಾಮೆಂಟ್‌ನಲ್ಲಿ ಕೇಳಬೇಡಿ. ಕಾಮೆಂಟ್ ಬಿದ್ದಷ್ಟೂ ಆ ಪೋಸ್ಟ್ ಇನ್ನಷ್ಟು ಜನರ ಫೀಡ್‌ಗೆ ಮತ್ತೆ ಬರುವ ಸಾಧ್ಯತೆ ಹೆಚ್ಚುತ್ತದೆ. ‘ಅಯ್ಯೋ ಇದನ್ನ ತೆಗಿಯೇ’ ಅಂತ ನೀವು ಬರೆದರೆ, ಅದುವರೆಗೆ ಆ ಫೋಟೊವನ್ನು ಗಮನಿಸದೆ ಮುಂದೆ ಹೋದವರೂ ನಿಂತು ನೋಡುತ್ತಾರೆ. ಅದರ ಕೆಳಗೆ ತಮಾಷೆ ಶುರುವಾಗುತ್ತದೆ, ‘ಮುದ್ದೆ ಜೋರಾಗಿದೆ’ ಅಂತ ಒಬ್ಬರು, ‘ಇರಲಿ ಬಿಡೇ, ಚೆನ್ನಾಗಿದೆ’ ಅಂತ ಇನ್ನೊಬ್ಬರು. ಅಷ್ಟು ಜನ ನಕ್ಕ ಮೇಲೆ ಅಳಿಸಲು ಹಾಕಿದವರಿಗೇ ಮನಸ್ಸು ಬರುವುದಿಲ್ಲ. ಮದುವೆಗೆಂದು ಮಾಡಿದ ವಾಟ್ಸಾಪ್ ಗುಂಪಿನಲ್ಲಿ ಕೇಳುವುದೂ ಇದೇ ಗತಿ. ಒಬ್ಬರಿಗೇ ಹೋಗುವ ಮೆಸೇಜ್ ಅಥವಾ ಫೋನ್, ಇವೆರಡೇ ದಾರಿ.

ಇನ್ನು ಹೇಗೆ ಕೇಳುವುದು? ‘ಆ ಫೋಟೊಗಳನ್ನ ಡಿಲೀಟ್ ಮಾಡು’ ಅಂದರೆ ಕೇಳಿಸಿಕೊಂಡವರಿಗೆ ಇಡೀ ಪೋಸ್ಟ್ ಹೋಗಬೇಕು ಅನಿಸುತ್ತದೆ. 46 ಫೋಟೊ ಆರಿಸಿ ಹಾಕಿದ್ದಾರೆ, ನೂರಾರು ಲೈಕ್ ಬಂದಿದೆ, ಹುಡುಗಿಯ ಅಮ್ಮ ಹರಸಿ ಬರೆದಿದ್ದಾರೆ. ಅದೆಲ್ಲ ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ? ಆಗಲ್ಲ ಅನ್ನುವ ಉತ್ತರ ಬಹಳ ಸಲ ಬರುವುದು ಈ ತಪ್ಪು ತಿಳಿವಳಿಕೆಯಿಂದ. ನಿಜದಲ್ಲಿ ಹಲವು ಫೋಟೊಗಳ ಪೋಸ್ಟ್‌ನಿಂದ ಒಂದನ್ನು ಮಾತ್ರ ತೆಗೆಯಬಹುದು. ಉಳಿದ 45 ಫೋಟೊ, ಪೋಸ್ಟ್‌ನ ಲೈಕ್, ಪೋಸ್ಟ್‌ನ ಕಾಮೆಂಟ್ ಎಲ್ಲ ಇದ್ದ ಹಾಗೇ ಇರುತ್ತವೆ. ಆ ಒಂದು ಫೋಟೊವನ್ನು ತೆರೆದು, ಮೂರು ಚುಕ್ಕಿ ಒತ್ತಿ, “Delete photo” ಆರಿಸಿದರೆ ಮುಗಿಯಿತು. ಈ ದಾರಿ ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ನಿಮ್ಮ ಮೆಸೇಜ್‌ನಲ್ಲೇ ಬರೆದುಬಿಡಿ. ಇನ್‌ಸ್ಟಾಗ್ರಾಂನಲ್ಲೂ ಪೋಸ್ಟ್‌ನ “Edit” ಒಳಗೆ ಹೋಗಿ, ಬೇಡದ ಫೋಟೊ ಬರುವ ತನಕ ಸರಿಸಿ, ಅದರ ಮೂಲೆಯ ಕಸದ ಬುಟ್ಟಿ ಗುರುತು ಒತ್ತಿ ಒಂದನ್ನೇ ತೆಗೆಯಬಹುದು.

ಲತಾ ಶಿಲ್ಪಾಳಿಗೆ ಬರೆಯುವುದಾದರೆ ಹೀಗೆ:

“ಶಿಲ್ಪಾ, ಬೀಗರ ಊಟದ ಫೋಟೊಗಳು ತುಂಬಾ ಚೆನ್ನಾಗಿ ಬಂದಿವೆ ಕಣೆ. ಒಂದು ಮಾತ್ರ ತೆಗೀತೀಯಾ? ಪಂಕ್ತಿಲಿ ನಾನು ತುತ್ತು ನುಂಗ್ತಾ ಇರೋದು, ಲಿಂಕ್ ಕೆಳಗೆ ಹಾಕಿದೀನಿ. ಸ್ಕೂಲಿನೋರೆಲ್ಲ ನೋಡ್ತಾರೆ, ನಂಗೆ ಮುಜುಗರ ಆಗ್ತಿದೆ. ಪೋಸ್ಟ್ ಪೂರ್ತಿ ತೆಗೀಬೇಕಾಗಿಲ್ಲ. ಆ ಫೋಟೊ ಓಪನ್ ಮಾಡಿ ಮೂರು ಚುಕ್ಕಿ ಒತ್ತಿದ್ರೆ Delete photo ಅಂತ ಬರುತ್ತೆ, ಅದೊಂದೇ ಹೋಗುತ್ತೆ. ಬೇಕಾದ್ರೆ ನಾವೆಲ್ಲ ಒಟ್ಟಿಗೆ ನಿಂತಿರೋ ಫೋಟೊ ನನ್ನ ಹತ್ರ ಇದೆ, ಕಳಿಸ್ತೀನಿ, ಅದರ ಬದಲು ಹಾಕು.”

ಇದರಲ್ಲಿ ಯಾವುದೂ ಸುಮ್ಮನೆ ಸೇರಿಸಿದ್ದಲ್ಲ. ಯಾವ ಫೋಟೊ ಅಂತ ಲಿಂಕ್ ಇದೆ, ಹುಡುಕುವ ಕೆಲಸವಿಲ್ಲ. ಒಂದೇ ಅಂತ ಹೇಳಿದೆ. ಕಾರಣ ಒಂದೇ ಸಾಲು, ಅದೂ ತನ್ನ ಮುಜುಗರದ್ದು. ‘ನೀನು ಯಾಕೆ ಇಂಥದ್ದು ಹಾಕಿದೆ’ ಅನ್ನುವ ಮಾತು ಬಂದಿದ್ದರೆ ಉತ್ತರವಾಗಿ ಸಮಜಾಯಿಷಿ ಬರುತ್ತಿತ್ತು, ಫೋಟೊ ಅಲ್ಲೇ ಇರುತ್ತಿತ್ತು. ಬದಲಿ ಫೋಟೊ ಕೊಡುವುದರಿಂದ, ಹಾಕಿದವಳಿಗೆ ತಾನು ಏನನ್ನೋ ಕಳೆದುಕೊಂಡೆ ಅನಿಸುವುದಿಲ್ಲ. ಕಾರಣ ಹೇಳುವಾಗ ಸುಳ್ಳು ಸೇರಿಸಬೇಡಿ. ‘ನಮ್ಮ ಅಪ್ಪ ಬೈತಾರೆ’ ಅಂತ ಇಲ್ಲದ್ದನ್ನು ಹೇಳಿದರೆ ಮುಂದಿನ ಸಲ ನಿಮ್ಮ ಅಪ್ಪನನ್ನೇ ಕೇಳಿಬಿಡುವ ಗೆಳತಿಯರಿದ್ದಾರೆ.

ಹಾಕಿದವರು ವಯಸ್ಸಿನಲ್ಲಿ ದೊಡ್ಡವರಾದರೆ, ಸಂಬಂಧದಲ್ಲಿ ಗೌರವ ಕೊಡಬೇಕಾದವರಾದರೆ, ಮೆಸೇಜ್ ಬಿಟ್ಟು ಫೋನ್ ಮಾಡುವುದೇ ಮೇಲು. ಅಕ್ಷರದಲ್ಲಿ ಬಂದ ‘ತೆಗೆಯಿರಿ’ ಅವರಿಗೆ ಅಪ್ಪಣೆಯ ಹಾಗೆ ಕೇಳಿಸಬಹುದು. ಮಾತು ಊಟ, ಆರೋಗ್ಯ ವಿಚಾರಿಸಿದ ಮೇಲೆ ಬರಲಿ: “ಭಾವ, ನೀವು ಹಾಕಿರೋ ಫೋಟೊ ಎಲ್ಲ ನೋಡಿದೆ, ಚೆನ್ನಾಗಿವೆ. ಅದರಲ್ಲಿ ಊಟದ್ದೊಂದು ನನ್ನದು ಸರಿಯಾಗಿ ಬಂದಿಲ್ಲ. ಅದೊಂದು ತೆಗೆದುಬಿಡ್ತೀರಾ?” ತೆಗೆಯುವುದು ಗೊತ್ತಿಲ್ಲ ಅಂತ ಅವರು ಹೇಳುವ ಸಾಧ್ಯತೆ ಹೆಚ್ಚು. ಆಗ ಫೋನಿನಲ್ಲೇ ಒಂದೊಂದಾಗಿ ಹೇಳುವುದಕ್ಕಿಂತ ಅವರ ಮನೆಯ ಮಕ್ಕಳಿಗೆ ಫೋನ್ ಕೊಡಲು ಹೇಳಿ, ಎರಡು ನಿಮಿಷದ ಕೆಲಸ. ದೊಡ್ಡವರು ತಾವೇ ಹುಡುಕಲು ಹೋಗಿ, ಅದೇ ಫೋಟೊವನ್ನು ತಪ್ಪಿ ಇನ್ನೊಮ್ಮೆ ಶೇರ್ ಮಾಡಿಬಿಡುವುದೂ ಇದೆ. ಮೂರು ಚುಕ್ಕಿಯ ಪಟ್ಟಿಯಲ್ಲಿ ಆಯ್ಕೆಗಳು ಒಂದರ ಕೆಳಗೊಂದು ಒತ್ತಾಗಿ ಇರುತ್ತವೆ.

ಸ್ಟುಡಿಯೊದವರು ತಮ್ಮ ಪೇಜ್‌ನಲ್ಲಿ ಹಾಕಿದ ಫೋಟೊವಾದರೆ ಕೇಳುವ ದಾರಿ ಬೇರೆ. ಮದುವೆಯಲ್ಲಿ ಅವರನ್ನು ಕರೆಸಿದವರು, ಹಣ ಕೊಟ್ಟವರು ಮದುವೆ ಮನೆಯವರು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಹಾಗಾಗಿ ಮದುಮಗಳ ಕಡೆಯಿಂದ ಒಂದು ಮಾತು ಹೇಳಿಸಿದರೆ ಸ್ಟುಡಿಯೊದವರು ಕೇಳುತ್ತಾರೆ, ನಿಮ್ಮ ಮಾತಿಗಿಂತ ಅದಕ್ಕೆ ತೂಕ ಹೆಚ್ಚು. ಇದೇ ಕಾಯ್ದೆಯ ಇನ್ನೊಂದು ಮುಖವನ್ನೂ ತಿಳಿದಿರಿ. ಫೋಟೊದಲ್ಲಿ ನೀವಿದ್ದೀರಿ ಅನ್ನುವ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ನಿಮಗೆ ಬರುವುದಿಲ್ಲ. ಶಿಲ್ಪಾ ತನ್ನ ಫೋನಿನಲ್ಲಿ ತೆಗೆದದ್ದು ಶಿಲ್ಪಾಳದ್ದೇ. ಆದ್ದರಿಂದ ಕೃತಿಸ್ವಾಮ್ಯದ ದೂರು ಕೊಟ್ಟು ಫೋಟೊ ತೆಗೆಸುತ್ತೇನೆ ಅನ್ನುವ ಯೋಚನೆ ಬೇಡ. ನೀವೇ ತೆಗೆದ ಸೆಲ್ಫಿಯನ್ನು ಅವರು ಕೇಳದೆ ಹಾಕಿದ್ದರೆ ಮಾತ್ರ ಆ ದೂರು ನಿಲ್ಲುತ್ತದೆ.

ಉತ್ತರ ಬರದಿದ್ದರೆ, ಒಪ್ಪದಿದ್ದರೆ

ಎರಡು ದಿನ ಕಾಯಿರಿ. ಮದುವೆ ಮನೆಯ ಗಲಾಟೆಯಲ್ಲಿ ಮೆಸೇಜ್ ಕೆಳಗೆ ಹೋಗಿರುತ್ತದೆ. ಆಮೇಲೆ ಒಂದು ಫೋನ್ ಮಾಡಿ. ನೀಲಿ ಗೆರೆ ಬಂದೂ ಉತ್ತರವಿಲ್ಲ ಅಂತ ಮೆಸೇಜ್ ಮೇಲೆ ಮೆಸೇಜ್ ಹಾಕಿದರೆ ಕೇಳಿದ ವಿಷಯ ಹಿಂದೆ ಸರಿದು, ಕೇಳಿದ ರೀತಿಯೇ ಜಗಳವಾಗುತ್ತದೆ.

ಫೋಟೊ ತೆಗೆಯಲು ಇಷ್ಟವಿಲ್ಲ ಅಂದರೆ ಅದಕ್ಕಿಂತ ಚಿಕ್ಕದನ್ನು ಕೇಳಿ. ಪೋಸ್ಟ್ ಎಲ್ಲರಿಗೂ ತೆರೆದಿದ್ದರೆ ಅದನ್ನು ಫ್ರೆಂಡ್ಸ್‌ಗೆ ಮಾತ್ರ ಮಾಡಲು ಹೇಳಬಹುದು. ಪೋಸ್ಟ್‌ನ ಮೂರು ಚುಕ್ಕಿಯಲ್ಲಿ “Edit audience” ಅಥವಾ “Edit privacy” ಅಂತ ಇರುತ್ತದೆ, ಅಲ್ಲಿ “Public” ಬದಲು “Friends” ಆರಿಸಬೇಕು. ಇಲ್ಲವೇ ಆ ಫೋಟೊದಲ್ಲಿ ನಿಮ್ಮ ಪಕ್ಕದ ನಾಲ್ಕು ಜನ ಚೆನ್ನಾಗಿ ಬಂದಿದ್ದು, ಅವರಿಗಾಗಿ ಶಿಲ್ಪಾ ಅದನ್ನು ಇಟ್ಟುಕೊಂಡಿರಬಹುದು. ಪಂಕ್ತಿಯ ತುದಿಯಲ್ಲಿ ಕೂತವರನ್ನು ಕ್ರಾಪ್ ಮಾಡುವುದು ಸುಲಭ. ಕ್ರಾಪ್ ಮಾಡಿದ ಪ್ರತಿಯನ್ನು ನೀವೇ ಸಿದ್ಧಪಡಿಸಿ ಕಳಿಸಿ, ಹಳೆಯದನ್ನು ತೆಗೆದು ಇದನ್ನು ಹಾಕು ಅಂದರೆ ಬಹುಮಟ್ಟಿಗೆ ಒಪ್ಪುತ್ತಾರೆ.

ಫೇಸ್‌ಬುಕ್‌ಗೇ ರಿಪೋರ್ಟ್ ಮಾಡಬಹುದಲ್ಲ ಅಂತ ಕೇಳುತ್ತಾರೆ. ಮಾಡಬಹುದು, ಆದರೆ ಕಂಪನಿ ತೆಗೆಯುವುದು ತನ್ನ ನಿಯಮ ಮುರಿದ ಫೋಟೊಗಳನ್ನು. ಮುಖ ಚೆನ್ನಾಗಿ ಬಂದಿಲ್ಲ ಅನ್ನುವುದು ನಿಯಮ ಮುರಿದಂತಲ್ಲ, ಆದ್ದರಿಂದ ಮುದ್ದೆ ತಿನ್ನುವ ಫೋಟೊ ರಿಪೋರ್ಟ್‌ನಿಂದ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಫೋಟೊ ಹಾಕಿ ಅಣಕಿಸುತ್ತಿದ್ದಾರೆ, ಮತ್ತೆ ಮತ್ತೆ ಹಾಕಿ ಹಿಂಸೆ ಕೊಡುತ್ತಿದ್ದಾರೆ ಅಂದರೆ ಮಾತು ಬೇರೆ. ಆಗ ಮೂರು ಚುಕ್ಕಿಯ ರಿಪೋರ್ಟ್ ಆಯ್ಕೆಯಲ್ಲಿ ಕಿರುಕುಳಕ್ಕೆ ಸಂಬಂಧಿಸಿದ್ದನ್ನು ಆರಿಸಿ. ಮೈ ಕಾಣುವ ಖಾಸಗಿ ಚಿತ್ರ ಹಾಕಿದ್ದರೆ, ಅಥವಾ ಮುಖವನ್ನು ಬೇರೆ ದೇಹಕ್ಕೆ ಅಂಟಿಸಿದ್ದರೆ ಹಾಕಿದವರ ಜೊತೆ ಮಾತಿಗೇ ಹೋಗಬೇಡಿ. ಸ್ಕ್ರೀನ್‌ಶಾಟ್ ಮತ್ತು ಲಿಂಕ್ ಇಟ್ಟುಕೊಂಡು cybercrime.gov.in ನಲ್ಲಿ ದೂರು ಕೊಡಿ, ಅಥವಾ ನಿಮ್ಮ ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಅದಿದೆ.

ಕೋಪದಲ್ಲಿ ಬ್ಲಾಕ್ ಮಾಡುವುದರಿಂದಲೂ ಫೋಟೊ ಹೋಗುವುದಿಲ್ಲ. ಅವರು ಮುಂದೆ ನಿಮ್ಮನ್ನು ಟ್ಯಾಗ್ ಮಾಡಲಾರರು, ನಿಜ. ಆದರೆ ಆ ಫೋಟೊ ಇನ್ನೂ ಇದೆಯೋ ಇಲ್ಲವೋ ಅನ್ನುವುದೂ ನಿಮಗೆ ಕಾಣದಂತಾಗುತ್ತದೆ.

ತೆಗೆದೆ ಅಂದ ಮೇಲೆ ನೋಡಿಕೊಳ್ಳುವುದು

ಶಿಲ್ಪಾ ‘ತೆಗೆದೆ ಕಣೆ’ ಅಂದಳು. ಲತಾ ಇಟ್ಟುಕೊಂಡಿದ್ದ ಲಿಂಕ್ ಒತ್ತಿದಾಗ “This content isn't available right now” ಎಂದು ಬಂತು. ಇದೊಂದನ್ನೇ ನೋಡಿ ಕೆಲಸ ಆಯಿತು ಅನ್ನುವ ಹಾಗಿಲ್ಲ. ಫೋಟೊ ಅಳಿಸಿದರೂ ಇದೇ ಸಾಲು ಬರುತ್ತದೆ, ನೋಡುವವರ ಪಟ್ಟಿಯಿಂದ ನಿಮ್ಮನ್ನು ಬಿಟ್ಟಿದ್ದರೂ ಇದೇ ಸಾಲು ಬರುತ್ತದೆ. ಟ್ಯಾಗ್ ತೆಗೆದಿದ್ದರಿಂದ ನಿಮಗೆ ಕಾಣುವುದು ನಿಂತಿದ್ದರೂ ಅದೇ. ಇಬ್ಬರಿಗೂ ಬೇಕಾದ ಇನ್ನೊಬ್ಬ ಗೆಳತಿಗೆ ‘ಆ ಪೋಸ್ಟ್‌ನಲ್ಲಿ ಪಂಕ್ತಿ ಫೋಟೊ ಇದೆಯಾ ನೋಡು’ ಅಂತ ಹೇಳಿ. ಅವರಿಗೂ ಇಲ್ಲ, ಪೋಸ್ಟ್‌ನಲ್ಲಿ 45 ಫೋಟೊ ಮಾತ್ರ ಇವೆ ಅಂದರೆ ಖಾತ್ರಿ.

ಶಿಲ್ಪಾಳ ಪೋಸ್ಟನ್ನು ಯಾರಾದರೂ ಶೇರ್ ಬಟನ್ ಒತ್ತಿ ಹಂಚಿದ್ದರೆ ಅಲ್ಲಿಂದಲೂ ಆ ಫೋಟೊ ಮಾಯವಾಗುತ್ತದೆ, ಏಕೆಂದರೆ ಶೇರ್ ಅನ್ನುವುದು ಮೂಲ ಪೋಸ್ಟ್‌ನ ಕಡೆಗೆ ಬೆರಳು ತೋರಿಸುತ್ತದೆ, ಬೇರೆ ಪ್ರತಿ ಮಾಡಿಕೊಳ್ಳುವುದಿಲ್ಲ. ಡೌನ್‌ಲೋಡ್ ಮಾಡಿಕೊಂಡು ತಮ್ಮ ಪ್ರೊಫೈಲ್‌ನಲ್ಲಿ ಹೊಸದಾಗಿ ಹಾಕಿದವರದ್ದು ಮಾತ್ರ ಉಳಿಯುತ್ತದೆ. ಅವರನ್ನು ಬೇರೆಯಾಗಿ ಕೇಳಬೇಕು.

ನಮ್ಮ ಕಡೆ ಫೋಟೊ ಫೇಸ್‌ಬುಕ್‌ಗಿಂತ ಮೊದಲೇ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ಅಲ್ಲಿ ಟ್ಯಾಗ್‌ನ ತೊಂದರೆ ಇಲ್ಲ, ಸಮಯದ ತೊಂದರೆ ಇದೆ. ಕಳಿಸಿದವರು “Delete for everyone” ಮಾಡಲು ಸುಮಾರು ಎರಡೂವರೆ ದಿನದ ಗಡುವು. ಆ ಗಡುವಿನೊಳಗೆ ಕೇಳಬೇಕಾದ್ದರಿಂದ, ಎರಡೂ ಕಡೆ ಫೋಟೊ ಇದೆ ಅಂದರೆ ಮೊದಲು ವಾಟ್ಸಾಪ್‌ನದ್ದನ್ನು ತೆಗೆಸಿ, ಫೇಸ್‌ಬುಕ್‌ನದ್ದು ಒಂದು ದಿನ ತಡವಾದರೂ ನಡೆಯುತ್ತದೆ. ಗುಂಪಿನ ಅಡ್ಮಿನ್‌ಗೂ ಬೇರೆಯವರ ಮೆಸೇಜನ್ನು ಎಲ್ಲರಿಗೂ ಅಳಿಸುವ ಅಧಿಕಾರವಿದೆ. ಕಳಿಸಿದವರು ಫೋನ್ ಎತ್ತದಿದ್ದರೆ ಅಡ್ಮಿನ್ ಹತ್ತಿರ ಕೇಳಿ. ಅಷ್ಟರಲ್ಲಿ ಯಾರ ಗ್ಯಾಲರಿಗೆ ಇಳಿದಿದೆಯೋ ಅದು ಅಲ್ಲೇ ಉಳಿಯಬಹುದು, ಅದಕ್ಕೆ ಪರಿಹಾರವಿಲ್ಲ.

ಮುಂದಿನ ಮದುವೆಗೆ ಮುಂಚೆ ಹಾಕಿಡಬೇಕಾದ ಸೆಟ್ಟಿಂಗ್

ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ “Profile and tagging” ಒಳಗೆ ಹೋದರೆ, ನಿಮ್ಮನ್ನು ಟ್ಯಾಗ್ ಮಾಡಿದ ಪೋಸ್ಟ್ ನಿಮ್ಮ ಪ್ರೊಫೈಲ್‌ನಲ್ಲಿ ಬರುವ ಮುಂಚೆ ನಿಮ್ಮನ್ನು ಕೇಳಬೇಕೇ ಎನ್ನುವ ಪ್ರಶ್ನೆ ಇದೆ: “Review posts you're tagged in before the post appears on your profile?” ಇದನ್ನು ಆನ್ ಮಾಡಿ. ಅದರ ಹತ್ತಿರವೇ “Review tags people add to your posts…” ಅಂತ ಇನ್ನೊಂದಿದೆ. ಅದು ನೀವು ಹಾಕಿದ ಪೋಸ್ಟ್‌ಗೆ ಬೇರೆಯವರು ಸೇರಿಸುವ ಟ್ಯಾಗ್‌ಗಳದ್ದು. ಇವೆರಡನ್ನು ಅದಲುಬದಲು ಮಾಡಿಕೊಂಡು, ಎರಡನೆಯದನ್ನು ಆನ್ ಮಾಡಿ ಸುಮ್ಮನಾದವರಿಗೆ ಮುಂದಿನ ಮದುವೆಯಲ್ಲೂ ಇದೇ ಪಾಡು. ಅದೇ ಪುಟದಲ್ಲಿ, ನಿಮ್ಮನ್ನು ಟ್ಯಾಗ್ ಮಾಡಿದಾಗ ಆ ಪೋಸ್ಟ್ ನೋಡುವವರ ಜೊತೆಗೆ ನಿಮ್ಮ ಕಡೆಯ ಯಾರನ್ನು ಸೇರಿಸಬೇಕು ಎನ್ನುವ ಪ್ರಶ್ನೆಯೂ ಇದೆ. ಅಲ್ಲಿ “Friends” ಬದಲು “Only me” ಇಟ್ಟರೆ ಶಿಲ್ಪಾಳ ಫೋಟೊ ಲತಾಳ ಶಾಲೆಯವರ ತನಕ ಟ್ಯಾಗ್ ಮೂಲಕ ಬರುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ “Tags and mentions” ಒಳಗೆ “Manually approve tags” ಆನ್ ಮಾಡಿ.

ಈ ಸೆಟ್ಟಿಂಗ್‌ಗಳು ಕಾಯುವುದು ನಿಮ್ಮ ಪ್ರೊಫೈಲನ್ನು ಮಾತ್ರ. ನೀವು ಒಪ್ಪಿಗೆ ಕೊಡದೆ ಹಾಗೇ ಬಿಟ್ಟ ಪೋಸ್ಟ್ ಹಾಕಿದವರ ಪ್ರೊಫೈಲ್‌ನಲ್ಲಿ, ಅವರ ಫ್ರೆಂಡ್ಸ್‌ನ ಫೀಡ್‌ನಲ್ಲಿ ಕಾಣುತ್ತಲೇ ಇರುತ್ತದೆ. ರಿವ್ಯೂಗೆ ಬಂದ ಸೂಚನೆಯನ್ನು ‘ಆಮೇಲೆ ನೋಡೋಣ’ ಅಂತ ಬಿಡಬೇಡಿ. ಲೈಕ್ ಕಾಮೆಂಟ್ ಏರುವ ಮುಂಚೆ, ಹಾಕಿದ ಮೊದಲ ಒಂದೆರಡು ಗಂಟೆಯಲ್ಲಿ ಕೇಳಿದರೆ ಹಾಕಿದವರು ಬಹಳ ಸುಲಭವಾಗಿ ತೆಗೆಯುತ್ತಾರೆ.